ಇಳಿಜಾರು ತಿಳಿಯದೆ ತಗ್ಗನ್ನು ಹುಡುಕುವುದು



ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಬಾರ್ ಪೆಂಡುಲಂ ಎಂಬ ಪ್ರಯೋಗವನ್ನು ನಿಮ್ಮಲ್ಲಿ ಹಲವರು ಮಾಡಿರುತ್ತೀರಿ. ಒಂದು ಮೀಟರ್ ಉದ್ದದ ಲೋಹದ ಪಟ್ಟಿಯನ್ನು ನೈಫ್ ಎಡ್ಜ್ ಮೇಲೆ ತೂಗುಹಾಕಿ, ಸ್ಟಾಪ್‌ವಾಚ್ ಹಿಡಿದು ಅದರ ಆಂದೋಲನಗಳನ್ನು ಎಣಿಸುತ್ತೇವೆ. ಪಟ್ಟಿಯ ನಡುಬಿಂದುವಿಗೆ ತೀರ ಹತ್ತಿರದಲ್ಲಿ ತೂಗುಹಾಕಿದರೆ ಅದು ಬಹಳ ನಿಧಾನವಾಗಿ ತೂಗುತ್ತದೆ. ನಡುವಿನಿಂದ ದೂರ ಸರಿದಂತೆ ಒಂದು ಆಂದೋಲನಕ್ಕೆ ಹಿಡಿಯುವ ಕಾಲ ಕಡಿಮೆಯಾಗುತ್ತ ಬರುತ್ತದೆ. ಒಂದು ಜಾಗದಲ್ಲಿ ಕನಿಷ್ಠ ಮಟ್ಟ ಮುಟ್ಟಿ ಮತ್ತೆ ಏರತೊಡಗುತ್ತದೆ. ಆ ಜಾಗ ಯಾವುದು?

ಸೂತ್ರ ಗೊತ್ತಿದ್ದರೆ ಕಲನಶಾಸ್ತ್ರ ಉತ್ತರ ಕೊಡುತ್ತದೆ. ಅವಕಲನ ಮಾಡಿ, ಬಂದದ್ದನ್ನು ಸೊನ್ನೆಗೆ ಸಮ ಮಾಡಿದರಾಯಿತು. ಆದರೆ ಸೂತ್ರವೇ ತಿಳಿಯದು, ಕೈಯಲ್ಲಿರುವುದು ಸ್ಟಾಪ್‌ವಾಚ್ ಮಾತ್ರ ಎಂದಿಟ್ಟುಕೊಳ್ಳಿ. ನೂರು ಆಂದೋಲನಗಳಿಗೆ ಸುಮಾರು ಎರಡೂವರೆ ನಿಮಿಷ ಬೇಕು. ಹಾಗಾಗಿ ಆದಷ್ಟು ಕಡಿಮೆ ಅಳತೆಗಳಲ್ಲಿ ಜಾಗವನ್ನು ಹಿಡಿಯಬೇಕು. ಇಂಥ ಹುಡುಕಾಟಕ್ಕೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜ್ಯಾಕ್ ಕೀಫರ್ 1953ರಲ್ಲಿ ಪ್ರಕಟಿಸಿದ ಲೇಖನ ಗಟ್ಟಿಯಾದ ತಳಹದಿ ಹಾಕಿತು. ಸುವರ್ಣ ಅನುಪಾತದ ಹುಡುಕಾಟವೆಂದು ಅದನ್ನು ಕರೆಯುತ್ತಾರೆ.

ಮೊದಲು ಒಂದು ಷರತ್ತು. ನಾವು ಹುಡುಕುವ ಅಂತರದೊಳಗೆ ಒಂದೇ ಒಂದು ತಗ್ಗು ಇರಬೇಕು. ಅದರ ಎಡಕ್ಕೆ ಬರೀ ಇಳಿತ, ಬಲಕ್ಕೆ ಬರೀ ಏರು. ಹೀಗಿರುವ ಫಲನಕ್ಕೆ ಯೂನಿಮೋಡಲ್ ಎಂದು ಹೆಸರು.

ಅಂತರದ ಒಳಗೆ ಒಂದೇ ಕಡೆ ಅಳೆದರೆ ತಗ್ಗು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವುದಿಲ್ಲ. ಎರಡು ಕಡೆ ಅಳೆದರೆ ತಿಳಿಯುತ್ತದೆ. ಎಡಬಿಂದುವಿನ ಬೆಲೆ ಕಡಿಮೆ ಬಂದರೆ, ಬಲಬಿಂದುವಿನಿಂದ ಆಚೆಗಿನ ತುಂಡಿನಲ್ಲಿ ತಗ್ಗು ಇರಲಾರದು. ಆ ತುಂಡನ್ನು ಬಿಟ್ಟುಬಿಡಬಹುದು. ಬಲಬಿಂದುವಿನ ಬೆಲೆ ಕಡಿಮೆ ಬಂದರೆ ಎಡತುದಿಯ ತುಂಡನ್ನು ಬಿಡಬೇಕು. ಉಳಿದ ಅಂತರದಲ್ಲಿ ಮತ್ತೆ ಇದೇ ಕೆಲಸ.

ಆ ಎರಡು ಬಿಂದುಗಳನ್ನು ಎಲ್ಲಿ ಇಡಬೇಕು? ಜಾಣತನವಿರುವುದು ಇಲ್ಲಿಯೇ. ಒಂದು ತುಂಡನ್ನು ಬಿಟ್ಟ ಮೇಲೂ ಹಳೆಯ ಬಿಂದುಗಳಲ್ಲಿ ಒಂದು ಒಳಗೇ ಉಳಿಯುತ್ತದೆ. ಅದು ಹೊಸ ಅಂತರದಲ್ಲಿಯೂ ಸರಿಯಾದ ಸ್ಥಾನದಲ್ಲೇ ಬಿದ್ದರೆ ಅದರ ಅಳತೆಯನ್ನು ಮತ್ತೆ ಬಳಸಬಹುದು. ಪ್ರತಿ ಸಲ ಒಂದೇ ಹೊಸ ಅಳತೆ ಸಾಕು. ಅಂತರದ ಉದ್ದ 1 ಎನ್ನೋಣ. ಒಂದು ಬಿಂದು ಎಡತುದಿಯಿಂದ r ದೂರದಲ್ಲಿ, ಇನ್ನೊಂದು ಬಲತುದಿಯಿಂದ r ದೂರದಲ್ಲಿ, ಅಂದರೆ ಎಡತುದಿಯಿಂದ 1 − r ದೂರದಲ್ಲಿದೆ. ಬಲತುಂಡನ್ನು ಬಿಟ್ಟರೆ ಉಳಿಯುವ ಉದ್ದ r. ಅದರಲ್ಲಿ ಹಳೆಯ ಬಿಂದು r ಭಾಗದ ಸ್ಥಾನದಲ್ಲೇ ಬೀಳಬೇಕಾದರೆ

r × r = 1 − r

ಆಗಬೇಕು. ಈ ವರ್ಗ ಸಮೀಕರಣ ಬಿಡಿಸಿದರೆ r ಸುಮಾರು 0.618. ಇದೇ ಸುವರ್ಣ ಅನುಪಾತ.

ಈಗ ನಮ್ಮ ಪಟ್ಟಿಗೆ ಬರೋಣ. ನೈಫ್ ಎಡ್ಜನ್ನು ಬೇಕಾದಲ್ಲಿ ಬಿಗಿಯಬಹುದು, ತಗ್ಗು ನಡುವಿನಿಂದ 10 ಸೆಂ.ಮೀ. ಮತ್ತು 50 ಸೆಂ.ಮೀ. ನಡುವೆ ಇದೆ ಎಂದುಕೊಳ್ಳಿ. ಇಲ್ಲಿ ಕೊಡುವ ಕಾಲಗಳು ತೆಳು ಪಟ್ಟಿಗೆ ಸೂತ್ರದಿಂದ ಲೆಕ್ಕ ಹಾಕಿ, ಸ್ಟಾಪ್‌ವಾಚಿನಂತೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಸರಿಹೊಂದಿಸಿದವು. ಎಲ್ಲವೂ ನೂರು ಆಂದೋಲನಗಳ ಕಾಲ.

ಅಂತರದ ಉದ್ದ 40. ಮೊದಲ ಎರಡು ಬಿಂದುಗಳು 25.28 ಮತ್ತು 34.72. ಕಾಲ ಕ್ರಮವಾಗಿ 153.3 ಮತ್ತು 154.0 ಸೆಕೆಂಡು. ಎಡಬಿಂದುವಿನದು ಕಡಿಮೆ, 34.72ರ ಆಚೆ ಬಿಟ್ಟೆವು. ಉಳಿದದ್ದು 10ರಿಂದ 34.72. ಹೊಸ ಬಿಂದುವಿಗೆ ಗುಣಾಕಾರವೂ ಬೇಡ: ಎರಡೂ ತುದಿಗಳನ್ನು ಕೂಡಿಸಿ ಹಳೆಯ ಒಳಬಿಂದುವನ್ನು ಕಳೆಯಿರಿ. 10 + 34.72 − 25.28 = 19.44. ಅಲ್ಲಿ ಕಾಲ 158.6. ಇದು ಹೆಚ್ಚು, ಎಡತುಂಡು ಹೋಯಿತು. ಉಳಿದದ್ದು 19.44ರಿಂದ 34.72. ಹೊಸ ಬಿಂದು 28.88, ಕಾಲ 152.7. ಇದು 25.28ರಲ್ಲಿನ 153.3ಕ್ಕಿಂತ ಕಡಿಮೆ, ಉಳಿದದ್ದು 25.28ರಿಂದ 34.72. ಮುಂದಿನ ಬಿಂದು 31.12, ಕಾಲ 152.9. ಉಳಿದದ್ದು 25.28ರಿಂದ 31.12. ಆರನೆಯ ಬಿಂದು 27.52. ಅಲ್ಲಿ ಕಾಲ 152.7.

ಇಲ್ಲಿ ನಿಲ್ಲಿ. 27.52ರಲ್ಲೂ 152.7, 28.88ರಲ್ಲೂ 152.7. ಯಾವ ತುಂಡನ್ನು ಬಿಡುವುದು? ಸ್ಟಾಪ್‌ವಾಚ್ ಉತ್ತರ ಹೇಳುತ್ತಿಲ್ಲ. ಗುಂಡಿ ಒತ್ತುವ ನಮ್ಮ ಕೈಯೇ ಸೆಕೆಂಡಿನ ಒಂದೆರಡು ಹತ್ತನೇ ಭಾಗದಷ್ಟು ತಪ್ಪಬಹುದು. ಹಾಗೆ ನೋಡಿದರೆ ಹಿಂದಿನ ಹೋಲಿಕೆಯಲ್ಲಿ ಸಿಕ್ಕ 0.2 ಸೆಕೆಂಡಿನ ವ್ಯತ್ಯಾಸವೂ ನಂಬಿಕೆಯ ಅಂಚಿನಲ್ಲಿದೆ. ತಗ್ಗಿನ ತಳ ಚಪ್ಪಟೆಯಾಗಿರುವುದೇ ಇದಕ್ಕೆ ಕಾರಣ. ತಗ್ಗಿನಿಂದ ಇರುವ ದೂರ ಅರ್ಧವಾದರೆ ಎತ್ತರದ ವ್ಯತ್ಯಾಸ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತಿರ ಹೋದಷ್ಟೂ ವ್ಯತ್ಯಾಸ ಅಳತೆಯ ತಪ್ಪಿನಲ್ಲಿ ಮುಳುಗಿಹೋಗುತ್ತದೆ. ಕಂಪ್ಯೂಟರಿಗೂ ಇದೇ ಮಿತಿ: ಅದು ಹದಿನಾರು ಅಂಕಿಗಳವರೆಗೆ ಲೆಕ್ಕ ಹಾಕಿದರೂ ತಗ್ಗಿನ ಜಾಗ ಸಾಮಾನ್ಯವಾಗಿ ಸುಮಾರು ಎಂಟು ಅಂಕಿಗಳವರೆಗೆ ಮಾತ್ರ ಖಚಿತ.

ಆದ್ದರಿಂದ ನಿಯಮ ಇಷ್ಟು: ಹೋಲಿಸುವ ಎರಡು ಬೆಲೆಗಳ ವ್ಯತ್ಯಾಸ ನಿಮ್ಮ ಅಳತೆಯ ತಪ್ಪಿಗಿಂತ ಕಡಿಮೆಯಾದರೆ ತುಂಡು ಬಿಡಬೇಡಿ. ಒಮ್ಮೆ ಬಿಟ್ಟ ತುಂಡಿಗೆ ಈ ವಿಧಾನ ಎಂದೂ ಮರಳಿ ಹೋಗುವುದಿಲ್ಲ. ತಗ್ಗು ಅದರಲ್ಲೇ ಇದ್ದರೆ ಕಳೆದಂತೆಯೇ. ಹಲವು ಸಲ ಅಳೆದು ಸರಾಸರಿ ತೆಗೆಯಿರಿ, ಇಲ್ಲವೇ ಸಿಕ್ಕ ಅಂತರವನ್ನೇ ಉತ್ತರವೆಂದು ಬರೆಯಿರಿ. ನಮ್ಮ ಉತ್ತರ 25.28ರಿಂದ 31.12ರೊಳಗೆ. ಸೂತ್ರ ಕೊಡುವ ನಿಜವಾದ ಜಾಗ 28.87 ಸೆಂ.ಮೀ. ನಾಲ್ಕನೆಯ ಬಿಂದು ಅದರ ಪಕ್ಕದಲ್ಲೇ ಬಿದ್ದದ್ದು ಆಕಸ್ಮಿಕ.

ಗಡಿಯಾರ ನಿಖರವಾಗಿದ್ದು ಐದನೆಯ ಹೋಲಿಕೆಯನ್ನೂ ನಂಬಬಹುದಾಗಿದ್ದರೆ 40 ಸೆಂ.ಮೀ. ಅಂತರ ಆರು ಅಳತೆಗಳಲ್ಲಿ 3.6ಕ್ಕೆ ಇಳಿಯುತ್ತಿತ್ತು. ಅಂತರವನ್ನು ಮೂರು ಸಮ ಪಾಲು ಮಾಡಿ ಪ್ರತಿ ಸಲ ಎರಡು ಹೊಸ ಅಳತೆ ತೆಗೆದಿದ್ದರೆ ಅಷ್ಟೇ ಶ್ರಮಕ್ಕೆ ಉಳಿಯುತ್ತಿದ್ದದ್ದು ಸುಮಾರು 11.9.

ಕೊನೆಯದಾಗಿ ಆ ಷರತ್ತಿನ ಮಾತು. ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, 0ಯಿಂದ 100 ಸೆಂ.ಮೀ. ಪೂರ್ತಿಯಾಗಿ ಹುಡುಕಲು ಹೊರಟರೆ ಏನಾಗುತ್ತದೆ? ಮೊದಲ ಬಿಂದುಗಳು 38.2 ಮತ್ತು 61.8. ಎರಡರಲ್ಲೂ ಕಾಲ ಒಂದೇ, ಏಕೆಂದರೆ ನಡುಬಿಂದುವಿನ ಎರಡು ಬದಿಗೂ ಒಂದೊಂದು ತಗ್ಗು ಇದೆ, ನಡುವೆ ದೊಡ್ಡ ದಿಬ್ಬವಿದೆ. ಇಲ್ಲಿ ಸಮ ಬೆಲೆಯನ್ನು ನೋಡಿ, ತಗ್ಗು ಇವೆರಡರ ನಡುವೆ ಇದೆಯೆಂದು ಭಾವಿಸಿದರೆ ನೇರವಾಗಿ ದಿಬ್ಬವನ್ನೇ ಹತ್ತುತ್ತೇವೆ. ವಿಧಾನ ತಾನಾಗಿ ಎಚ್ಚರಿಸುವುದಿಲ್ಲ. ಅಂಕಿಗಳನ್ನು ನಾವೇ ಕೇಳಬೇಕು. ಹುಡುಕಾಟಕ್ಕೆ ಮೊದಲು ನಾಲ್ಕೈದು ಕಡೆ ಒರಟಾಗಿ ಅಳೆದು ನೋಡಿ. ಬೆಲೆ ಇಳಿದು, ಏರಿ, ಮತ್ತೆ ಇಳಿದರೆ ತಗ್ಗು ಒಂದಲ್ಲ. ಆಗ ಅಂತರವನ್ನು ಒಡೆದು ಒಂದೊಂದು ತಗ್ಗನ್ನು ಬೇರೆಯಾಗಿ ಹುಡುಕಿ.

ಮುಂದಿನ ಸಲ ಬಾರ್ ಪೆಂಡುಲಂ ಮುಂದೆ ನಿಂತಾಗ ಈ ಆರು ಅಳತೆಗಳನ್ನು ತೆಗೆದು ನೋಡಿ. ಎಷ್ಟನೆಯ ಹೋಲಿಕೆಯಲ್ಲಿ ನಿಮ್ಮ ಸ್ಟಾಪ್‌ವಾಚ್ ಮೌನವಾಗುತ್ತದೆ ಎಂಬುದನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡಿ.