ಚಿಂದಿಗೆ ಹಾಕಿದ ಗಂಜಿ: ಕಾಗದ ನಡೆದು ಬಂದ ದಾರಿ



ನಾವು ಬಳಸುವ 'ಕಾಗದ' ಎಂಬ ಮಾತಿನ ಮೂಲ ಪಾರ್ಸಿಯ 'ಕಾಗಜ್'. ಹಾಳೆಗಳ ಕಟ್ಟಿಗೆ ಹೇಳುವ 'ರೀಮು' ಅರಬ್ಬಿಯ 'ರಿಜ್ಮಾ'ದಿಂದ ಹೊರಟು, ಯುರೋಪು ಸುತ್ತಿ ನಮ್ಮ ಅಂಗಡಿಗೆ ಬಂದಿದೆ. ಆ ದಾರಿಯನ್ನು ಇಂದು ನಾವು ಸ್ವಲ್ಪ ನೋಡೋಣ.

ಕ್ರಿ.ಶ. 105ರಲ್ಲಿ ಚೀನಾದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಮರದ ತೊಗಟೆ, ನಾರು, ಚಿಂದಿ ಬಟ್ಟೆ, ಹಳೆಯ ಮೀನುಬಲೆಗಳಿಂದ ಮಾಡಿದ ಕಾಗದವನ್ನು ಚಕ್ರವರ್ತಿಗೆ ಒಪ್ಪಿಸಿದ. ಅದಕ್ಕೂ ಹಿಂದಿನ ಕಾಗದದ ತುಣುಕುಗಳು ಅಲ್ಲಿ ಸಿಕ್ಕಿವೆ. ಅವನು ಆ ಕೆಲಸವನ್ನು ಸುಧಾರಿಸಿದವನು.

ವರ್ತಕರ ದಾರಿಯಲ್ಲಿ ಈ ವಿದ್ಯೆ ಸಮರ್‌ಖಂಡ್ ಮುಟ್ಟಿ, ಎಂಟನೆಯ ಶತಮಾನದ ಕೊನೆಗೆ ಬಾಗ್ದಾದಿಗೆ ಬಂತು. ಚೀನಾದಲ್ಲಿ ತೊಗಟೆ ಕೊಡುತ್ತಿದ್ದ ಮರಗಳು ಇಲ್ಲಿರಲಿಲ್ಲ. ಆದ್ದರಿಂದ ಕೆಲಸಗಾರರು ಅಗಸೆ ನಾರಿನ ಹಳೆಯ ಬಟ್ಟೆಯನ್ನೇ ಹೆಚ್ಚಾಗಿ ನೆಚ್ಚಿಕೊಂಡರು. ಉಟ್ಟು, ಒಗೆದು ಸವೆದ ಬಟ್ಟೆಯ ನಾರು ಆಗಲೇ ಮೆತ್ತಗಾಗಿರುತ್ತದೆ. ಅದನ್ನು ಕೊಳೆಸಿ, ಕುಟ್ಟಿ, ನೀರಿನಲ್ಲಿ ಕದಡಿ, ಜರಡಿಯಂಥ ಅಚ್ಚಿನಿಂದ ಎತ್ತಿದರೆ ನೀರು ಸೋರಿ ತೆಳುವಾದ ಹಾಳೆ ಉಳಿಯುತ್ತದೆ.

ಆದರೆ ಆ ಹಾಳೆ ಶಾಯಿಯನ್ನು ಹೀರಿ ಅಕ್ಷರ ಹರಡುತ್ತದೆ. ಅದಕ್ಕೆ ಗೋಧಿ ಅಥವಾ ಅಕ್ಕಿಯ ಗಂಜಿ ಬಳಿದು, ಒಣಗಿಸಿ, ನುಣುಪು ಕಲ್ಲಿನಿಂದ ಉಜ್ಜುತ್ತಿದ್ದರು. ಆಗ ಜೊಂಡಿನ ಕಲಮು ಸಲೀಸಾಗಿ ಓಡುತ್ತಿತ್ತು. ಗಂಜಿಗೆ ಒಂದು ಕೊರತೆಯೂ ಇತ್ತು: ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಹುಳು ತಿನ್ನುತ್ತದೆ. 1231ರಲ್ಲಿ ಸಿಸಿಲಿಯ ದೊರೆ ಎರಡನೆಯ ಫ್ರೆಡರಿಕ್, ಸರ್ಕಾರಿ ದಸ್ತಾವೇಜುಗಳನ್ನು ಕಾಗದದ ಮೇಲೆ ಬರೆಯಬಾರದು, ಚರ್ಮದ ಹಾಳೆಯಲ್ಲೇ ಬರೆಯಬೇಕು ಎಂದು ಕಟ್ಟಳೆ ಮಾಡಿದ.

ಇಟಲಿಯ ಫಾಬ್ರಿಯಾನೊ ಊರಿನವರು ಇದಕ್ಕೆ ಉತ್ತರ ಕಂಡುಕೊಂಡರು. ಚಿಂದಿ ಕುಟ್ಟಲು ನೀರಿನ ಬಲದಿಂದ ಏಳುವ ಒನಕೆಗಳನ್ನು ಹೂಡಿದರು. ಗಂಜಿಯ ಬದಲು ಚರ್ಮದ ಚೂರುಗಳನ್ನು ಕುದಿಸಿ ತೆಗೆದ ಅಂಟನ್ನು ಬಳಿದರು. ಹಾಳೆ ಗಟ್ಟಿಯಾಯಿತು, ಗರಿಯ ಲೇಖನಿಯ ಚೂಪು ಮೊನೆಯನ್ನೂ ತಾಳಿತು. ಅಚ್ಚಿನ ಮೇಲೆ ತಂತಿಯ ಗುರುತು ಕೂರಿಸಿದ್ದರಿಂದ, ಹಾಳೆಯನ್ನು ಬೆಳಕಿಗೆ ಹಿಡಿದರೆ ಅದು ಯಾರ ಮಾಲೆಂದು ತಿಳಿಯುತ್ತಿತ್ತು. ಇಂದಿಗೂ ಹಳೆಯ ಹಾಳೆಯನ್ನು ಗುರುತಿಸಲು ಇದೇ ನೆರವಾಗುತ್ತದೆ. ಗಂಜಿಯ ಕಾಗದವಾದರೆ, ಅಯೋಡಿನ್ ಹನಿ ತಾಗಿದಲ್ಲಿ ನೀಲಿಯಾಗುತ್ತದೆ.

ಕಡೆಗೆ ಈ ಕಾಗದ ಅಗ್ಗವಾಗಿ ಉತ್ತರ ಆಫ್ರಿಕಕ್ಕೇ ಮಾರಾಟಕ್ಕೆ ಬಂತು. ಅದರ ಕೆಲವು ಹಾಳೆಗಳಲ್ಲಿ ಶಿಲುಬೆಯ ಗುರುತಿತ್ತು. ಅದರ ಮೇಲೆ ಕುರ್‌ಆನ್ ಬರೆಯಬಹುದೇ? 1409ರಲ್ಲಿ ತ್ಲೆಮ್ಸೆನ್ ಪಟ್ಟಣದ ವಿದ್ವಾಂಸ ಇಬ್ನ್ ಮರ್ಜೂಕ್ ಫತ್ವಾ ಕೊಟ್ಟರು: ಬರೆಯಬಹುದು, ಮೇಲೆ ಬರೆದ ಸತ್ಯವಚನ ಕೆಳಗಿನ ಗುರುತನ್ನು ಅಳಿಸುತ್ತದೆ.

ಆ ಹೊತ್ತಿಗೆ ಅಲ್ಲಿಯ ಸ್ವಂತ ಕಾಗದದ ಕಸುಬು ಕುಗ್ಗಿತ್ತು. ಬಾಗ್ದಾದಿನ ಕಡೆಯಿಂದ ಹೊರಟ ವಿದ್ಯೆಯ ಫಲವನ್ನು ಹಣ ಕೊಟ್ಟು ಕೊಳ್ಳುವ ಸ್ಥಿತಿ ಬಂದಿತ್ತು.