ಬಂಪರ್ ನೆಗ್ಗಿದೆ, ಫೋಟೊ ಕಳಿಸಿದೀನಿ ನೋಡಣ್ಣ

ಇವತ್ತಿನ ಮಾತು ಶುರುವಾಗೋದು ಒಂದು ವಾಟ್ಸಾಪ್ ಮೆಸೇಜಿಂದ. ಕಳೆದ ತಿಂಗಳು ರಾತ್ರಿ ಹತ್ತೂವರೆಗೆ ಮೈಸೂರಿಂದ ನನ್ನ ಚಿಕ್ಕಪ್ಪನ ಮಗ ಮೂರು ಫೋಟೊ ಕಳಿಸಿದ. ಕೆಳಗೆ ಒಂದೇ ಸಾಲು: 'ಅಣ್ಣ, ಬಂಪರ್ ಹೋಯ್ತು. ಅಪ್ಪಂಗೆ ಹೇಳ್ಬೇಡ.'

ಕಾರು ಚಿಕ್ಕಪ್ಪಂದು. ಬೂದು ಬಣ್ಣದ ಹ್ಯಾಚ್‌ಬ್ಯಾಕ್, ನಾಲ್ಕನೇ ವರ್ಷದ್ದು. ಇವನು ಸ್ನೇಹಿತನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ರಿವರ್ಸ್ ತೆಗೆಯುವಾಗ ಹಿಂದಿನ ಬಂಪರಿನ ಎಡ ಮೂಲೆಯನ್ನ ಕಂಬಕ್ಕೆ ಉಜ್ಜಿಸಿದ್ದ. ಸರ್ವಿಸ್ ಸೆಂಟರಲ್ಲಿ ಬಂಪರೇ ಬದಲಾಯಿಸ್ಬೇಕು ಅಂದ್ರಂತೆ. ಹೊಸ ಬಂಪರಿಗೆ 2,600, ಪೇಂಟಿಂಗಿಗೆ 3,200, ಕೂಲಿ 1,000. ಒಟ್ಟು 6,800 ರೂಪಾಯಿ. ಹುಡುಗ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು ಅಷ್ಟೇ.

ನಾನು ಒಂಬತ್ತು ವರ್ಷ ವಿಮೆ ಕ್ಲೇಮುಗಳ ಫೋಟೊ ನೋಡೋ ಕೆಲಸ ಮಾಡಿದೋನು. ಅವನ ಫೋಟೊ ನೋಡಿದ ತಕ್ಷಣ ಹೇಳಿದ್ದು ಒಂದೇ: ಇದ್ರಲ್ಲಿ ಏನೂ ಗೊತ್ತಾಗಲ್ಲ, ಬೆಳಗ್ಗೆ ಮತ್ತೆ ತೆಗಿ.

ಯಾಕೆ ಅಂದ್ರೆ, ಮೂರೂ ಫೋಟೊ ಫ್ಲ್ಯಾಶ್ ಹಾಕಿ, ಅರ್ಧ ಅಡಿ ದೂರದಿಂದ ತೆಗೆದದ್ದು. ಫ್ಲ್ಯಾಶ್ ಬೆಳಕಲ್ಲಿ ಗೀರು ಇರೋದಕ್ಕಿಂತ ಭಯಂಕರವಾಗಿ ಕಾಣತ್ತೆ, ನೆಗ್ಗು ಮಾತ್ರ ಮಾಯವಾಗತ್ತೆ. ನೆಗ್ಗು ಕಾಣ್ಬೇಕು ಅಂದ್ರೆ ಬೆಳಕು ಪಕ್ಕದಿಂದ ಬರ್ಬೇಕು. ಟ್ಯೂಬ್‌ಲೈಟ್ ಅಥವಾ ಎದುರಿನ ಕಟ್ಟಡದ ಅಂಚು ಬಂಪರ್ ಮೇಲೆ ಪ್ರತಿಫಲಿಸೋ ಹಾಗೆ ನಿಂತ್ಕೊಳ್ಳಿ. ಆ ಗೆರೆ ಎಲ್ಲಿ ಬಾಗತ್ತೋ ಅಲ್ಲಿ ನೆಗ್ಗಿದೆ. ಮೆಲ್ಲಗೆ ಬಾಗಿದ್ರೆ ಪ್ಲಾಸ್ಟಿಕ್ ಒಳಗೆ ತಳ್ಳಿಸ್ಕೊಂಡಿದೆ ಅಷ್ಟೇ. ಗಕ್ಕಂತ ಮುರಿದ ಹಾಗಿದ್ರೆ ಮಡಿಕೆ ಬಿದ್ದಿದೆ, ಅದು ಪೂರ್ತಿ ಹೋಗೋದು ಕಷ್ಟ.

ಹಾಗಾಗಿ ಅವನಿಗೆ ಹೇಳಿದೆ: ಒದ್ದೆ ಬಟ್ಟೇಲಿ ಒರೆಸು. ಆರು ಅಡಿ ದೂರದಿಂದ ಒಂದು, ಪಕ್ಕದಿಂದ ಓರೆಯಾಗಿ ಒಂದು, ಗೀರಿನ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಹತ್ತಿರದಿಂದ ಒಂದು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಬಂಪರ್ ಬಾಡಿಗೆ ಸೇರೋ ಸಂದು ಕಾಣೋ ಹಾಗೆ ಎಡಗಡೇದೊಂದು, ಬಲಗಡೇದೊಂದು. 'ಬಲಗಡೆ ಏನೂ ಆಗಿಲ್ವಲ್ಲಣ್ಣ' ಅಂದ. ಅದಕ್ಕೇ ಬೇಕು ಮಾರಾಯ, ಹೋಲಿಸೋಕೆ.

ಬೆಳಗಿನ ಫೋಟೊಗಳಲ್ಲಿ ಕಥೆನೇ ಬೇರೆ. ರಾತ್ರಿ ಎದೆ ಒಡೆಸಿದ್ದ ಅಂಗೈ ಉದ್ದದ ಹಳದಿ ಪಟ್ಟಿ ಇತ್ತಲ್ಲ, ಅದು ಕಾರಿನ ಗಾಯನೇ ಅಲ್ಲ. ಕಂಬಕ್ಕೆ ಬಳಿದಿದ್ದ ಹಳದಿ ಪೇಂಟು ನಮ್ಮ ಬಂಪರಿಗೆ ಅಂಟ್ಕೊಂಡಿದ್ದು. ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆ ಬಟ್ಟೇಲಿ ಹತ್ತು ನಿಮಿಷ ಉಜ್ಜಿದ, ಮುಕ್ಕಾಲು ಪಾಲು ಹೋಯ್ತು. ಉಳಿದದ್ದು ಮೂರು ಗೀರು.

ಗೀರಿನ ಆಳ ಫೋಟೊದಲ್ಲಿ ಬಣ್ಣದಿಂದ ಗೊತ್ತಾಗತ್ತೆ. ಬಂಪರ್ ಮೇಲೆ ಸಾಮಾನ್ಯವಾಗಿ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರತ್ತೆ. ಗೀರಿನ ಮೇಲೆ ನೀರು ಸವರಿದಾಗ ಅದು ಕಾಣದ ಹಾಗಾದ್ರೆ ಕ್ಲಿಯರ್ ಕೋಟ್ ಮಾತ್ರ ಕೆರೆದಿದೆ, ಪಾಲಿಶ್ ಸಾಕು. ನೀರು ಹಾಕಿದ್ರೂ ಹಾಗೇ ಇದ್ದು, ಉಗುರು ಅಡ್ಡ ಎಳೆದಾಗ ಸಿಕ್ಕಿಹಾಕ್ಕೊಂಡ್ರೆ ಪಾಲಿಶ್‌ಗೆ ಜಗ್ಗಲ್ಲ. ಇವನ ಎರಡು ಗೀರು ನೀರಿಗೆ ಮಾಯವಾದವು. ಮೂರನೇದು, ನಾಣ್ಯದ ಎರಡರಷ್ಟು ಉದ್ದದ್ದು, ಕಪ್ಪಗೆ ಕಾಣ್ತಿತ್ತು. ಅಂದ್ರೆ ಮೂರೂ ಪದರ ದಾಟಿ ಬಂಪರಿನ ಕಪ್ಪು ಪ್ಲಾಸ್ಟಿಕ್ಕೇ ಇಣುಕ್ತಾ ಇದೆ.

ಇಲ್ಲಿ ಜನ ಗಾಬರಿಯಾಗ್ತಾರೆ. ಇದೇ ಗೀರು ಬಾಗಿಲ ಮೇಲೆ ಬಿದ್ದು ಲೋಹ ಕಂಡಿದ್ರೆ ನಾನೂ ಬೇಗ ಮಾಡ್ಸು ಅಂತಿದ್ದೆ, ಮಳೆಗಾಲ ಬಂದ್ರೆ ತುಕ್ಕು ಹಿಡಿಯತ್ತೆ. ಬಂಪರ್ ಪ್ಲಾಸ್ಟಿಕ್ಕು, ಅದಕ್ಕೆ ತುಕ್ಕಿಲ್ಲ. ಒಂದು ವರ್ಷ ಹಾಗೇ ಬಿಟ್ರೂ ಕಣ್ಣಿಗೆ ಚುಚ್ಚತ್ತೆ ಅಷ್ಟೇ.

ನನ್ನ ಗಮನ ಹಿಡಿದದ್ದು ಗೀರಲ್ಲ, ಕೂತು ತೆಗೆದ ಫೋಟೊ. ಬಲಗಡೆ ಬಂಪರಿಗೂ ಬಾಡಿಗೂ ನಡುವಿನ ಸಂದು ದಾರದಷ್ಟು ತೆಳು. ಎಡಗಡೆ ಕಿರುಬೆರಳು ತೂರೋ ಅಷ್ಟು ಅಗಲ. ಹೀಗೆ ಬಾಯಿ ಬಿಟ್ಟಿದೆ ಅಂದ್ರೆ ಒಳಗೆ ಬಂಪರನ್ನ ಹಿಡಿದಿರೋ ಪ್ಲಾಸ್ಟಿಕ್ ಬ್ರ್ಯಾಕೆಟ್ಟೋ ಕ್ಲಿಪ್ಪೋ ಮುರಿದಿದೆ. ಇದನ್ನ ಬಿಡೋ ಹಾಗಿಲ್ಲ. ಹೈವೇನಲ್ಲಿ ಗಾಳಿಗೆ ಅದುರಿ ಅದುರಿ ಉಳಿದ ಕ್ಲಿಪ್ಪುಗಳೂ ಸಡಿಲ ಆಗತ್ವೆ, ಕೊನೆಗೆ ಮೂಲೆ ಕಿತ್ಕೊಂಡು ನೇತಾಡತ್ತೆ. ತಮಾಷೆ ಅಂದ್ರೆ, ಮೊದಲ ರಾತ್ರಿಯ ಫೋಟೊಗಳಲ್ಲಿ ಈ ಸಂದು ಚೌಕಟ್ಟಿನೊಳಗೇ ಇರ್ಲಿಲ್ಲ.

'ಹಂಗಾದ್ರೆ ಇನ್ಶೂರೆನ್ಸ್ ಕ್ಲೇಮ್ ಮಾಡ್ಬಿಡ್ಲಾ?' ಅಂತ ಕೇಳಿದ. ಲೆಕ್ಕ ಹಾಕೋಣ ಬನ್ನಿ. ಚಿಕ್ಕಪ್ಪನ ಪಾಲಿಸಿ ಸಾಮಾನ್ಯ ಕಾಂಪ್ರಹೆನ್ಸಿವ್, ಝೀರೋ ಡೆಪ್ ಇಲ್ಲ. ಹಾಗಿದ್ದಾಗ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡಷ್ಟೇ ಸಿಗೋದು, ಅಲ್ಲಿ 1,300 ಹೋಯ್ತು. ಪೇಂಟಿಂಗ್ ಬಿಲ್ಲಲ್ಲಿ ಕಾಲು ಭಾಗವನ್ನ ಸಾಮಗ್ರಿ ಅಂತ ತಗೊಂಡು ಅದರಲ್ಲಿ ಅರ್ಧ ಕಳೀತಾರೆ, ಅದು 400. 1500 ಸಿಸಿ ಒಳಗಿನ ಕಾರಿಗೆ ನಾವೇ ಕೊಡ್ಬೇಕಾದ ಕಡ್ಡಾಯ ಪಾಲು 1,000. ಕೈಗೆ ಬರೋದು 4,100.

ಕಳ್ಕೊಳ್ಳೋದು ಏನು? ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದೆ ವರ್ಷ ದಾಟಿದ ಹಾಗೆ ಇದು 20, 25, 35, 45, 50 ಪರ್ಸೆಂಟ್ ಅಂತ ಏರತ್ತೆ. ಇದು ಓನ್ ಡ್ಯಾಮೇಜ್ ಪ್ರೀಮಿಯಮ್ ಮೇಲೆ ಮಾತ್ರ, ಥರ್ಡ್ ಪಾರ್ಟಿ ಭಾಗಕ್ಕಿಲ್ಲ. ಚಿಕ್ಕಪ್ಪಂಗೆ ಮುಂದಿನ ಸಲ 45 ಸಿಗ್ಬೇಕಿತ್ತು. ಕ್ಲೇಮ್ ಮಾಡಿದ್ರೆ ಸೊನ್ನೆ. ಅವರ ಓನ್ ಡ್ಯಾಮೇಜ್ ಪ್ರೀಮಿಯಮ್ಮು ಬೋನಸ್ ಕಳೆಯೋ ಮುಂಚೆ 7,000 ಇದೆ ಅನ್ಕೊಳ್ಳಿ, ಮೊದಲ ವರ್ಷವೇ 3,150 ನಷ್ಟ. ಅದರ ಮುಂದಿನ ವರ್ಷ 50 ಸಿಗೋ ಕಡೆ 20, ಮತ್ತೆ 2,100. ಎರಡೇ ವರ್ಷಕ್ಕೆ 5,250 ಬಿಟ್ಟು 4,100 ತಗೊಂಡ ಹಾಗಾಯ್ತು. ಅದೂ ಅಲ್ದೆ, ಪಾಲಿಸಿ ಚಿಕ್ಕಪ್ಪನ ಹೆಸರಲ್ಲಿದೆ. ಕ್ಲೇಮ್ ಮಾಡಿ ಅವರಿಂದ ಮುಚ್ಚಿಡೋದು ಹೇಗೆ?

ಕೊನೆಗೆ ಮನೆ ಹತ್ತಿರದ ಗ್ಯಾರೇಜಿಗೆ ಕಳಿಸಿದೆ. ಬಂಪರ್ ಬಿಚ್ಚಿ ಒಳಗೆ ನೋಡಿ, ಹಿಂದಿರೋ ಲೋಹದ ಬೀಮ್ ಬಾಗಿದೆಯಾ, ಪಾರ್ಕಿಂಗ್ ಸೆನ್ಸರ್ ಅಲುಗಾಡಿದೆಯಾ ಅಂತ ಫೋಟೊ ಕಳಿಸೋಕೆ ಹೇಳಿದೆ. ಅದನ್ನ ಹೊರಗಿನ ಫೋಟೊ ಯಾವತ್ತೂ ತೋರ್ಸಲ್ಲ. ಎರಡೂ ಸರಿಯಾಗಿದ್ವು, ಬ್ರ್ಯಾಕೆಟ್ ಮಾತ್ರ ಎರಡು ತುಂಡು. ಬಿಚ್ಚಿದ್ದಾಗಲೇ ನೆಗ್ಗಿನ ಮೇಲೆ ಬಿಸಿನೀರು ಹುಯ್ದು ಒಳಗಿಂದ ತಳ್ಳಿದ್ರು, ಟಪ್ ಅಂತ ಹೊರಗೆ ಬಂತು. ಮಡಿಕೆ ಇರಲಿಲ್ವಲ್ಲ, ಅದಕ್ಕೆ. ಬ್ರ್ಯಾಕೆಟ್ 350, ಕೂಲಿ 600, ಕಪ್ಪು ಗೀರಿಗೆ ಕಾರಿನ ಕಲರ್ ಕೋಡ್ ನೋಡಿ ತಂದ ಟಚ್ ಅಪ್ ಪೇಂಟ್ 450. 1,400ಕ್ಕೆ ಮುಗೀತು. ಹತ್ತಿರ ಹೋಗಿ ನೋಡಿದ್ರೆ ಟಚ್ ಅಪ್ ಗೊತ್ತಾಗತ್ತೆ, ನಾನೇನೂ ಸುಳ್ಳು ಹೇಳಲ್ಲ. ಮೆಟಾಲಿಕ್ ಬೂದು ಬಣ್ಣವನ್ನ ತುಂಡು ತುಂಡಾಗಿ ಹೊಂದಿಸೋಕಾಗಲ್ಲ, ಚೆಂದ ಬೇಕಂದ್ರೆ ಪೂರ್ತಿ ಬಂಪರ್ ಬಳೀಬೇಕು. ಪ್ಲಾಸ್ಟಿಕ್ ಉದ್ದಕ್ಕೆ ಸೀಳಿದ್ರೆ ಅಥವಾ ಬೀಮ್ ಬಾಗಿದ್ರೆ ನಾನೂ ಬದಲಾಯಿಸು ಅಂತಿದ್ದೆ.

ಆ ಭಾನುವಾರ ಅವನೇ ಅಪ್ಪಂಗೆ ಎಲ್ಲಾ ಹೇಳ್ದ, ನನ್ನ ಒತ್ತಾಯಕ್ಕೆ. ಚಿಕ್ಕಪ್ಪ ನಿಧಾನವಾಗಿ ಫೋಟೊ ಒಂದೊಂದೇ ನೋಡಿದ್ರಂತೆ. ಬಲಗಡೆಯ ಫೋಟೊ ಬಂದಾಗ ನಿಂತ್ರು. ಅಲ್ಲಿ ಸಂದಿನ ಕೆಳಗೆ ಒಂದು ಹಳೇ ಗೀರಿತ್ತು, ನಾವಿಬ್ರೂ ಗಮನಿಸೇ ಇರಲಿಲ್ಲ.

'ಅದು ನಂದು. ಹೋದ ದೀಪಾವಳೀಲಿ ಗೇಟಿಗೆ ತಾಗಿಸ್ದೆ. ನಿಮ್ಮಮ್ಮಂಗೆ ಹೇಳ್ಬೇಡ' ಅಂದ್ರಂತೆ.