ಷೇರು ಹಂಚಿಕೆಯ ಲೆಕ್ಕಪರಿಶೋಧನೆ

ಖಾಸಗಿ ಕಂಪನಿಯೊಂದು ಹೊಸದಾಗಿ ನಾಲ್ವರಿಗೆ ತಲಾ 2,500 ಷೇರು ನೀಡಿ 5 ಲಕ್ಷ ರೂಪಾಯಿ ಪಡೆಯಿತೆಂದು ಭಾವಿಸಬಹುದು. ಮೊತ್ತ ತಾಳೆಯಾದರೂ ಪರಿಶೋಧಕರು ದಿನಾಂಕಗಳನ್ನು ನೋಡುತ್ತಾರೆ.

ಸದಸ್ಯರ ವಿಶೇಷ ನಿರ್ಣಯವಾದ ಮೇಲೆ, ಏಪ್ರಿಲ್ 3ರಂದು ಹಣವು ಪ್ರತ್ಯೇಕ ಬ್ಯಾಂಕ್ ಖಾತೆಗೆ ಬಂದಿತು. ನಿರ್ದೇಶಕ ಮಂಡಳಿಯು ಮೇ 20ರಂದು ಷೇರು ಹಂಚಿತು; 60 ದಿನಗಳ ಗಡುವು ಮೀರಲಿಲ್ಲ. ಹಂಚಿಕೆಯ ವಿವರಪತ್ರವಾದ ಪಿಎಎಸ್-3 ನಮೂನೆಯನ್ನು ಜೂನ್ 2ರಂದು, ಎಂದರೆ 15 ದಿನಗಳೊಳಗೆ, ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಲಾಯಿತು. ಎಲ್ಲವೂ ಸಕಾಲದಲ್ಲೇ ನಡೆದಂತೆ ಕಾಣುತ್ತದೆ. ಆದರೆ ಬ್ಯಾಂಕಿನ ಲೆಕ್ಕಪಟ್ಟಿಯಂತೆ ಮೇ 28ರಂದೇ ಆ ಹಣ ಯಂತ್ರದ ಖರೀದಿಗೆ ಸಂದಿದೆ. 2013ರ ಕಂಪನಿ ಕಾಯ್ದೆಯ 42ನೆಯ ಕಲಮಿನ ಪ್ರಕಾರ ವಿವರಪತ್ರ ಸಲ್ಲಿಸುವ ಮುನ್ನ ಆ ಹಣವನ್ನು ಬಳಸುವಂತಿಲ್ಲ. ಅವಸರದ ಕಂಪನಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಅನಂತರ ಸದಸ್ಯರ ರಿಜಿಸ್ಟರಿನ ಷೇರುಗಳನ್ನು ಕೂಡಿದಾಗ ಬ್ಯಾಲೆನ್ಸ್ ಶೀಟಿಗಿಂತ 2,500 ಕಡಿಮೆ ಬರುತ್ತದೆ. ನಾಲ್ಕನೆಯವರ ಹೆಸರು ಏರಿಯೇ ಇಲ್ಲ. ಮಂಡಳಿಯ ಒಪ್ಪಿಗೆಯಾದ 7 ದಿನಗಳೊಳಗೆ ಅದು ದಾಖಲಾಗಬೇಕಿತ್ತು. ಸೆಪ್ಟೆಂಬರಿನಲ್ಲಿ ಘೋಷಿಸಿದ ಲಾಭಾಂಶದ ಪಟ್ಟಿಯನ್ನು ಇದೇ ರಿಜಿಸ್ಟರಿನಿಂದ ಇಳಿಸಿದ್ದರಿಂದ ಅಲ್ಲಿಯೂ ಅವರು ಬಿಟ್ಟುಹೋಗಿದ್ದಾರೆ. ಘೋಷಣೆಯ 30 ದಿನಗಳೊಳಗೆ ಸಲ್ಲದ ಲಾಭಾಂಶಕ್ಕೆ ಕಂಪನಿಯು ವಾರ್ಷಿಕ ಶೇಕಡಾ 18ರ ಸರಳ ಬಡ್ಡಿಯನ್ನು ತೆರಬೇಕಾಗುತ್ತದೆ.